ಶನಿವಾರ ಶೂಟ್ ಇಲ್ಲ

ಗುರುವಾರ ಸಂಜೆ ಲೊಕೇಶನ್ ಕೈಕೊಟ್ಟಿತು. ಮನೆ ಕೊಡ್ತೀನಿ ಅಂದಿದ್ದವರು ಫೋನ್ ಮಾಡಿ, ನೆಂಟರು ಬರ್ತಿದ್ದಾರೆ, ಈ ವಾರ ಆಗಲ್ಲ ಎಂದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳದೆ ಬಾಯಿಮಾತು ನಂಬಿದ್ದು ನನ್ನದೇ ತಪ್ಪು. ನಮ್ಮ ಕಿರುಚಿತ್ರಕ್ಕೆ ನಾನು ಪ್ರೊಡ್ಯೂಸರ್. ಶನಿವಾರ ಬೆಳಿಗ್ಗೆ 6ಕ್ಕೆ 14 ಜನ ಬರಬೇಕಿತ್ತು.

ಕೂತು ಪತ್ರ ಬರೆದೆ. ಮೊದಲ ಪ್ಯಾರಾ ಪೂರ್ತಿ ಕ್ಷಮೆ, ಎರಡನೆಯದರಲ್ಲಿ ಮನೆಯವರ ಮೇಲಿನ ಸಿಟ್ಟು. ಶೂಟ್ ಇಲ್ಲ ಅನ್ನೋ ಮಾತು ಬಂದದ್ದು ಮೂರನೆಯದರಲ್ಲಿ! ನಿರ್ದೇಶಕಿ ಓದಿ, "ಇದನ್ನ ಅರ್ಧ ಓದಿದವನು ಶನಿವಾರ ಬಂದು ಬಾಗಿಲು ತಟ್ಟುತ್ತಾನೆ" ಎಂದಳು. ಎಲ್ಲ ಅಳಿಸಿದೆ.

ಈ ಸಲ ಮೊದಲ ಸಾಲೇ ಹೀಗಿತ್ತು: "ಶನಿವಾರ, ಭಾನುವಾರ ಶೂಟ್ ಇಲ್ಲ, ದಯವಿಟ್ಟು ಬರಬೇಡಿ. ನಿಮ್ಮ ಹತ್ತಿರ ಇರುವ ಕಾಲ್ ಶೀಟ್ ರದ್ದಾಗಿದೆ." ಕಾರಣಕ್ಕೆ ಒಂದೇ ಸಾಲು. ಆಮೇಲೆ ಮುಂದೇನು ಅನ್ನೋದು.

ಹೊಸ ದಿನಾಂಕ ಬರೆದುಬಿಡೋಣ ಅಂತ ಕೈ ತುರಿಸುತ್ತಿತ್ತು. ಆದರೆ ಕಾಲೇಜಿನ ಕ್ಯಾಮೆರಾ ಆವತ್ತು ಬೇರೆ ತಂಡದ ಹೆಸರಲ್ಲಿದ್ದರೆ? ಇನ್ನೊಂದು ಸಲ ಮುಂದೂಡಿದರೆ ಯಾರೂ ನಂಬಲ್ಲ. ಅದಕ್ಕೆ ಉಪಕರಣ ಕೊಡುವವರನ್ನು ಮೊದಲು ಕೇಳಿದೆ. ಕ್ಯಾಮೆರಾ ಸಿಗುವ ವಾರಾಂತ್ಯಗಳು ಎರಡೇ, ಎರಡು ವಾರದ ನಂತರದ್ದು ಮತ್ತು ಮೂರು ವಾರದ ನಂತರದ್ದು. ಎರಡನ್ನೂ ಬರೆದು, "ಇವು ಇನ್ನೂ ಪಕ್ಕಾ ಅಲ್ಲ. ಯಾವುದಕ್ಕೆ ಬರಬಹುದು ಅಂತ ಸೋಮವಾರ ರಾತ್ರಿಯೊಳಗೆ ತಿಳಿಸಿ. ಮನೆ ಸಿಕ್ಕಿರಲಿ, ಬಿಡಲಿ, ಬುಧವಾರ ಸಂಜೆ ನಾನೇ ಬರೆಯುತ್ತೇನೆ" ಎಂದೆ. ಎರಡಕ್ಕೂ ಆಗದವರು ಸಂಕೋಚವಿಲ್ಲದೆ ಹೇಳಲಿ, ಬದಲಿ ಜನರನ್ನು ಹುಡುಕಲು ನನಗೂ ಟೈಮ್ ಬೇಕಲ್ವಾ? ಟಿಕೆಟ್ ಮಾಡಿಸಿದ್ದವರು ರದ್ದು ಮಾಡಿ ರಸೀದಿ ಕಳಿಸಲಿ, ಕಳೆದುಹೋದ ದುಡ್ಡು ನಾವು ಕೊಡ್ತೀವಿ ಎಂದೂ ಸೇರಿಸಿದೆ.

ನಾಯಕನಿಗೆ ಮಾತ್ರ ಬೇರೆ ಒಂದು ಸಾಲು. ಅವನು ಹೊರಗಿನಿಂದ ಬಾಗಿಲು ತೆಗೆಯುವ ಶಾಟ್ ಹಿಂದಿನ ವಾರವೇ ಮುಗಿದಿತ್ತು. ಒಳಗೆ ಕಾಲಿಡುವುದು ಬಾಕಿ. ಹೊಸ್ತಿಲು ದಾಟುವಷ್ಟರಲ್ಲಿ ಗಡ್ಡ ಮಾಯವಾದರೆ ನೋಡುವವರು ನಗುತ್ತಾರೆ. "ಗಡ್ಡ ತೆಗೆಯಬೇಡ, ಶೂಟ್‌ಗೆ ಮುಂಚೆ ಹಳೇ ಫೋಟೊ ನೋಡಿ ಅಷ್ಟೇ ಉದ್ದಕ್ಕೆ ಟ್ರಿಮ್ ಮಾಡೋಣ. ನೀಲಿ ಶರ್ಟ್ ನಮ್ಮ ಹತ್ತಿರವೇ ಇರಲಿ."

ರಾತ್ರಿ ಎಂಟಕ್ಕೆ ಕಳಿಸಿದೆ. ಹತ್ತರ ಹೊತ್ತಿಗೆ 13 ಉತ್ತರ ಬಂದವು. ಸುಮ್ನೆ ಇದ್ದವನು ಸೌಂಡ್ ಹುಡುಗ. ಫೋನ್ ಮಾಡಿದರೆ ಮೈಕ್‌ಗಳನ್ನು ಬ್ಯಾಗಿಗೆ ತುಂಬುತ್ತಿದ್ದ, ಪತ್ರ ನೋಡಿಯೇ ಇರಲಿಲ್ಲ. ದೂರದಿಂದ ಬರುವವನಿಗೆ ಮೊದಲೇ ಕರೆ ಮಾಡಬೇಕಿತ್ತು.

ಮಲಗುವ ಹೊತ್ತಿಗೆ ನಾಯಕ ತನ್ನ ಗಡ್ಡದ ಫೋಟೊ ಕಳಿಸಿದ. ಕೆಳಗೆ ಒಂದೇ ಸಾಲು: "ಇದನ್ನ ಇನ್ನೂ ಮೂರು ವಾರ ಸಾಕಬೇಕಾ?"