ಪಾಸಿಟಿವ್ ಬಂದ ತೊಂಬತ್ತೆಂಟು ಮಂದಿ

“ರೋಗ ಇರುವವರಲ್ಲಿ ಶೇ. 90 ಮಂದಿಯನ್ನು ಈ ಪರೀಕ್ಷೆ ಹಿಡಿಯುತ್ತದಂತೆ. ಹಾಗಾದರೆ ಪಾಸಿಟಿವ್ ಬಂದವರಿಗೆ ರೋಗ ಇರುವ ಸಾಧ್ಯತೆಯೂ ಶೇ. 90 ತಾನೇ?”

ಅಲ್ಲ, ಎಷ್ಟೋ ಸಲ ಅದರ ಹತ್ತಿರಕ್ಕೂ ಬರುವುದಿಲ್ಲ. ಇದನ್ನು ಕಾಣಲು ಸೂತ್ರ ಬೇಕಿಲ್ಲ, ಜನರನ್ನು ಎಣಿಸಿದರೆ ಸಾಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ವೈದ್ಯರಿಗೆ ಕೊಡುತ್ತಿದ್ದ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ ಪರೀಕ್ಷೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ.

ಯಾವ ಲಕ್ಷಣವೂ ಇಲ್ಲದೆ ತಪಾಸಣೆಗೆ ಬಂದ 1000 ಮಹಿಳೆಯರಿದ್ದಾರೆ, ಅವರಲ್ಲಿ 10 ಮಂದಿಗೆ ಸ್ತನ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಆ ಹತ್ತರಲ್ಲಿ 9 ಮಂದಿಗೆ ಪಾಸಿಟಿವ್ ಬರುತ್ತದೆ, ಒಬ್ಬರು ತಪ್ಪಿಹೋಗುತ್ತಾರೆ. ಕ್ಯಾನ್ಸರ್ ಇಲ್ಲದ 990 ಮಂದಿಯಲ್ಲಿಯೂ ಶೇ. 9ರಷ್ಟು, ಅಂದರೆ ಸುಮಾರು 89 ಮಂದಿಗೆ, ಸುಮ್ಮನೆ ಪಾಸಿಟಿವ್ ಬರುತ್ತದೆ. ಒಟ್ಟು ಪಾಸಿಟಿವ್ 98. ಅದರಲ್ಲಿ ನಿಜವಾಗಿ ರೋಗವಿರುವವರು 9, ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು.

ಶೇ. 90 ಎಂಬ ಸಂಖ್ಯೆ ಸುಳ್ಳಲ್ಲ, ಆದರೆ ಅದು ಕ್ಯಾನ್ಸರ್ ಇರುವ ಹತ್ತು ಮಂದಿಯನ್ನು ಕುರಿತದ್ದು. ವರದಿ ಕೈಗೆ ಬಂದವರು ನಿಂತಿರುವುದು ಆ ಹತ್ತರ ಗುಂಪಿನಲ್ಲಲ್ಲ, ತೊಂಬತ್ತೆಂಟರ ಗುಂಪಿನಲ್ಲಿ. ಒಂದು ಗುಂಪಿನೊಳಗಷ್ಟೇ ಎಣಿಸುವ ಸಾಧ್ಯತೆಯಲ್ಲಿ, ಅಂದರೆ ಷರತ್ತುಬದ್ಧ ಸಂಭವನೀಯತೆಯಲ್ಲಿ, ‘ಯಾರ ಪೈಕಿ’ ಎಂದು ಕೇಳದೆ ಇಟ್ಟ ಹೆಜ್ಜೆಯೇ ದಾರಿ ತಪ್ಪಿಸುತ್ತದೆ. ಓದಿದವರೂ ಇಲ್ಲಿ ಎಡವುತ್ತಾರೆ: 2007ರಲ್ಲಿ ಗಿಗೆರೆಂಜರ್ ಇದೇ ಲೆಕ್ಕವನ್ನು 160 ಸ್ತ್ರೀರೋಗ ತಜ್ಞರಿಗೆ ಶೇಕಡಾವಾರು ರೂಪದಲ್ಲಿ ಕೊಟ್ಟಾಗ ಸರಿಯುತ್ತರ ಆರಿಸಿದವರು ಶೇ. 21 ಮಾತ್ರ, ತಲೆ ಎಣಿಸುವ ಕ್ರಮವನ್ನು ಕಲಿಸಿದ ಮೇಲೆ ಅದು ಶೇ. 87ಕ್ಕೇರಿತು. ಬುದ್ಧಿಗಿಂತ ಅಂಕಿಗಳನ್ನು ಬರೆಯುವ ರೀತಿಯೇ ತೊಡಕಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಈಗ ಪರೀಕ್ಷೆಯನ್ನು ಹಾಗೆಯೇ ಇಟ್ಟು ಬಂದವರನ್ನು ಬದಲಿಸಿ. ಗಂಟು ಕೈಗೆ ಸಿಕ್ಕಿತೆಂದು ವೈದ್ಯರೇ ಕಳುಹಿಸಿದ 1000 ಮಂದಿಯಲ್ಲಿ 100 ಮಂದಿಗೆ ಕ್ಯಾನ್ಸರ್ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ನಿಜವಾದ ಪಾಸಿಟಿವ್ 90, ಉಳಿದ 900ರಲ್ಲಿ ಸುಳ್ಳು ಪಾಸಿಟಿವ್ 81. ಯಂತ್ರ ಅದೇ, ವರದಿಯ ಮಾತೂ ಅದೇ, ಆದರೆ ಪಾಸಿಟಿವ್ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗವಿದೆ. ಆದ್ದರಿಂದ ‘ಈ ಪರೀಕ್ಷೆಯ ಪಾಸಿಟಿವ್ ಎಷ್ಟು ನಂಬಬಹುದು’ ಎಂಬುದಕ್ಕೆ ಪರೀಕ್ಷೆಯೊಂದನ್ನೇ ನೋಡಿ ಉತ್ತರ ಹೇಳಲಾಗದು.

ಮೊದಲ ಗುಂಪಿನಲ್ಲಿ ನೆಗೆಟಿವ್ ಬಂದ 902 ಮಂದಿಯಲ್ಲಿ ರೋಗವಿರುವವರು ಒಬ್ಬರೇ ಎಂಬುದನ್ನೂ ಗಮನಿಸಿ.

ಪಾಸಿಟಿವ್ ಬಂದವರು ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ, ಎರಡನೆಯ ಸಲವೂ ಸುಳ್ಳು ಪಾಸಿಟಿವ್ ಶೇ. 9 ಎಂದು ಗುಣಿಸಿಬಿಡುವುದೂ ಸರಿಯಲ್ಲ. ಮೊದಲ ಚಿತ್ರದಲ್ಲಿ ಸಂಶಯ ಹುಟ್ಟಿಸಿದ ದಟ್ಟ ಅಂಗಾಂಶ ಎರಡನೆಯದರಲ್ಲಿಯೂ ಅಲ್ಲಿಯೇ ಇರುತ್ತದೆ; ಒಂದೇ ಕಾರಣಕ್ಕೆ ಎರಡು ಸಲ ತಪ್ಪಾಗಬಹುದು. ಹೀಗಾಗಿ ಮುಂದೆ ಬೇರೆ ಬಗೆಯ ಪರೀಕ್ಷೆ, ಅಲ್ಟ್ರಾಸೌಂಡ್ ಅಥವಾ ಅಗತ್ಯವಿದ್ದರೆ ಬಯಾಪ್ಸಿ, ನಡೆಸುತ್ತಾರೆ. ಅದರ ಲೆಕ್ಕ ಆರಂಭವಾಗುವುದು ಸಾವಿರದಿಂದಲ್ಲ, ಈ ತೊಂಬತ್ತೆಂಟರಿಂದ.