ಹೆಬ್ಬೆಟ್ಟು ಒತ್ತಿದರೆ ಸಾಕಾ?

"ಗ್ರೂಪಲ್ಲಿ ಸುಮ್ನೆ ಒಂದು 👍 ಒತ್ತಿದ್ರೆ ಸಾಕಾ, ಇಲ್ಲಾ 'ಸರಿ' ಅಂತ ಬರೀಬೇಕಾ? ಬರೀ ಹೆಬ್ಬೆಟ್ಟು ಅಂದ್ರೆ ಅಸಡ್ಡೆ ಅನ್ಸಲ್ವಾ?"

ಮೆಸೇಜು ನೋಡಿದೆ ಅಂತ ತಿಳಿಸುವುದಕ್ಕೆ ಸಾಕು. ಒಪ್ಪಿದೆ ಅಂತ ತಿಳಿಸುವುದಕ್ಕೆ ಸಾಲದು. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ಬೆಳೆಗಾರರ ವಾಟ್ಸಾಪ್ ಗ್ರೂಪನ್ನು ನೋಡಿಕೊಳ್ಳುವವನಾಗಿ ನಾನು ಹೇಳುವುದು ಇಷ್ಟೇ.

ವಾಟ್ಸಾಪಿನಲ್ಲಿ ಮೆಸೇಜಿನ ಮೇಲೆ ಒತ್ತಿ ಹಿಡಿದು ಹೆಬ್ಬೆಟ್ಟು ಹಾಕಿದರೆ ಅದರ ಸುದ್ದಿ ಹೋಗುವುದು ಆ ಮೆಸೇಜು ಬರೆದವರಿಗೆ ಮಾತ್ರ. ಬೇರೆಯವರ ಫೋನು ಸದ್ದು ಮಾಡುವುದಿಲ್ಲ, ಓದದ ಮೆಸೇಜಿನ ಲೆಕ್ಕವೂ ಏರುವುದಿಲ್ಲ. ಅದೇ ಹೆಬ್ಬೆಟ್ಟನ್ನು ಮೆಸೇಜಾಗಿ ಕಳಿಸಿದರೆ ಎಲ್ಲರ ಫೋನೂ ಕುಂಯ್ ಅನ್ನುತ್ತದೆ. ನಲವತ್ತು ಜನ "ಓಕೆ" ಬರೆದರೆ ಮೂಲ ಮೆಸೇಜು ಮೇಲೆಲ್ಲೋ ಹೋಗಿಬಿಡುತ್ತದೆ, ಗುಡ್ಡ ಹತ್ತಿ ನೆಟ್‌ವರ್ಕ್ ಹಿಡಿಯುವವನು ಅದನ್ನು ಹುಡುಕಬೇಕು. ಕೊನೆಗೆ ಜನ ಗ್ರೂಪನ್ನೇ ಮ್ಯೂಟ್ ಮಾಡುತ್ತಾರೆ. ಆಮೇಲೆ ತೋಟದಲ್ಲಿ ಕರೆಂಟಿನ ತಂತಿ ಬಿದ್ದಿದೆ ಅಂತ ಹಾಕಿದರೂ ನೋಡುವವರಿಲ್ಲ.

ಆದರೆ ಹೆಬ್ಬೆಟ್ಟಿಗೆ ನಿಜವಾದ ತೊಂದರೆ ಬೇರೆ ಇದೆ. ಮಳೆಗಾಲ ಹಿಡಿಯುವ ಮುಂಚೆ ಗ್ರೂಪಿನಲ್ಲಿ ಹೀಗೊಂದು ಮೆಸೇಜು ಬರುತ್ತದೆ ಅಂದುಕೊಳ್ಳಿ: "ಭಾನುವಾರ ಔಷಧಿ ಹೊಡೆಯೋರು ನಮ್ಮ ಕಡೆ ಬರ್ತಾರೆ, ಯಾರಿಗೆ ಬೇಕು?" ಕೆಳಗೆ ಹದಿನೈದು ಹೆಬ್ಬೆಟ್ಟು. ಕೆಲವರಿಗೆ ಅದು "ನಂಗೂ ಬೇಕು", ಕೆಲವರಿಗೆ "ನೋಡ್ದೆ", ಇನ್ನು ಕೆಲವರಿಗೆ "ಒಳ್ಳೇ ಕೆಲ್ಸ ಮಾಡ್ತಿದೀಯಪ್ಪ". ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು. ಕಲಸಿದ್ದನ್ನು ಅವತ್ತೇ ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಹದಿನೈದು ತೋಟ ಅಂತ ಕಲಸಿ, ಬೇಕಾಗಿದ್ದವರು ಆರೇ ಜನ ಅಂತಾದರೆ ಉಳಿದದ್ದನ್ನು ಏನು ಮಾಡುವುದು?

ಇದರಲ್ಲಿ ತಪ್ಪು ಹೆಬ್ಬೆಟ್ಟು ಒತ್ತಿದವರದಲ್ಲ, ಕೇಳಿದವರದು. ಮೆಸೇಜನ್ನು ಹೀಗೆ ಬರೆಯಬೇಕು: "ನೋಡಿದವರು 👍 ಒತ್ತಿ. ಔಷಧಿ ಬೇಕಾದವರು ಎಷ್ಟು ಡ್ರಮ್ ಅಂತ ಅಂಕಿ ಮಾತ್ರ ಬರೆಯಿರಿ, ಇದೇ ಮೆಸೇಜಿಗೆ ರಿಪ್ಲೈ ಆಗಿ. ಶನಿವಾರ ಸಂಜೆ 6ರೊಳಗೆ." ಆಗ "2" ಅನ್ನುವುದೇ ಪೂರ್ತಿ ಉತ್ತರ. ಮೆಸೇಜನ್ನು ಬಲಕ್ಕೆ ಎಳೆದು ರಿಪ್ಲೈ ಮಾಡುವುದು ಮುಖ್ಯ, ಯಾಕೆಂದರೆ ನಡುವೆ ಯಾರಾದರೂ ಅಡಿಕೆ ರೇಟು ಹಾಕಿದರೆ ಒಂಟಿ "2" ಯಾವುದಕ್ಕೆ ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಮಾತು ಕೊಡುವ ಜಾಗದಲ್ಲಿ ಹೆಬ್ಬೆಟ್ಟು ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ: ಅದನ್ನು ವಾಪಸ್ ತೆಗೆದರೆ ಗ್ರೂಪಿನಲ್ಲಿ ಗುರುತೇ ಉಳಿಯುವುದಿಲ್ಲ. ಮೆಸೇಜು ಅಳಿಸಿದರೆ ಅಳಿಸಿದ್ದಾದರೂ ಕಾಣುತ್ತದೆ.

ಒಂದೇ ಪದದ ಉತ್ತರದಲ್ಲೂ ಭೇದವಿದೆ. "ಬರ್ತೀನಿ", "ಆಗಲ್ಲ", "ನಾಳೆ" ಇವು ಕೆಲಸಕ್ಕೆ ಬರುತ್ತವೆ. "ಹೂಂ", "ಓಕೆ" ಬರುವುದಿಲ್ಲ. "ಬರ್ತೀಯಾ, ಇಲ್ವಾ?" ಅಂತ ಕೇಳಿದ್ದಕ್ಕೆ ಓಕೆ ಅಂದರೆ ಏನು ಅರ್ಥ ಮಾಡಿಕೊಳ್ಳಬೇಕು?

ಅಸಡ್ಡೆಯ ಮಾತಿಗೆ ಬಂದರೆ, ಎಲ್ಲರಿಗೂ ಹಾಕಿದ ಮೆಸೇಜಿಗೆ ಹೆಬ್ಬೆಟ್ಟು ಅಸಡ್ಡೆಯಲ್ಲ. ಆದರೆ ದೊಡ್ಡಪ್ಪ ನಿಮ್ಮ ಹೆಸರು ಹಿಡಿದು ಕೇಳಿದ್ದರೆ "ಆಯ್ತು ದೊಡ್ಡಪ್ಪ" ಅಂತ ಬರೆಯಿರಿ, ಎರಡು ಪದ ತಾನೆ. ಸಾವಿನ ಸುದ್ದಿಗೆ ಹೆಬ್ಬೆಟ್ಟು ಬೇಡವೇ ಬೇಡ. 🙏 ಒತ್ತಿ, ಹತ್ತಿರದವರಾದರೆ ಫೋನ್ ಮಾಡಿ.

ವ್ಯಾಪಾರದಲ್ಲಿ ಮಾತ್ರ ಜಾಸ್ತಿ ಹುಷಾರು. ಕೆನಡಾದ ಸಾಸ್ಕಾಚೆವಾನ್‌ನಲ್ಲಿ 2021ರಲ್ಲಿ ಅಗಸೆ ಖರೀದಿದಾರರೊಬ್ಬರು ಒಪ್ಪಂದದ ಫೋಟೋ ಕಳಿಸಿ ಖಚಿತಪಡಿಸಿ ಅಂದರು. ರೈತ 👍 ಕಳಿಸಿದ. ಮಾಲು ಕೊಡಲಿಲ್ಲ. ಫೋಟೋ ಸಿಕ್ಕಿತು ಅಂತಷ್ಟೇ ನನ್ನ ಅರ್ಥ ಅಂತ ಅವನ ವಾದ. 2023ರಲ್ಲಿ ಕೋರ್ಟು ಅದನ್ನು ಸಹಿಯೇ ಅಂತ ತೀರ್ಮಾನಿಸಿ ಸುಮಾರು 82 ಸಾವಿರ ಕೆನಡಾ ಡಾಲರ್ ಕಟ್ಟಿಸಿತು. ಹಿಂದೆಲ್ಲ ಅವನು ಇಂಥವೇ ಫೋಟೋಗಳಿಗೆ ಒಂದೆರಡು ಪದದಲ್ಲಿ ಒಪ್ಪಿ ಮಾಲು ಕೊಟ್ಟಿದ್ದ ಅನ್ನುವುದನ್ನೂ ಕೋರ್ಟು ಲೆಕ್ಕಕ್ಕೆ ತೆಗೆದುಕೊಂಡಿತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೂ ಅಡಿಕೆ ವ್ಯಾಪಾರಿ ರೇಟು ಬರೆದು ಕಳಿಸಿದಾಗ ಹೆಬ್ಬೆಟ್ಟು ಒತ್ತಬೇಡಿ. "ಮೆಸೇಜ್ ನೋಡ್ದೆ, ರೇಟಿನ ಮಾತು ನಾಳೆ ಹೇಳ್ತೀನಿ" ಅಂತ ಬರೆಯಿರಿ.