ಬಿಡದ ಎಳ್ಳುನೀರು

21 ಸೆಪ್ಟೆಂಬರ್ 2025, ಭಾನುವಾರ. ಮಹಾಲಯ ಅಮಾವಾಸ್ಯೆ
ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ

ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಭಟ್ರು ಎಂಟಕ್ಕೇ ಬಂದರು. ಮಕ್ಕಳಿಗೆ ದಸರಾ ರಜೆ, ಇನ್ನೂ ಹಾಸಿಗೆಯಲ್ಲಿದ್ದರು.

ಮಹಾಲಯದ ತರ್ಪಣ ಅಪ್ಪ, ಅಜ್ಜ, ಮುತ್ತಜ್ಜನಿಗೆ ಮುಗಿಯುವುದಿಲ್ಲ. ಅಮ್ಮನ ಕಡೆಯವರು, ಅಣ್ಣತಮ್ಮಂದಿರು, ಸೊಸೆ, ಹೀಗೆ ಹೋದವರೆಲ್ಲರ ಹೆಸರೂ ಬರುತ್ತದೆ. ಆ ಪಟ್ಟಿಯಲ್ಲಿ ‘ಸುತ’ ಎಂಬ ಒಂದು ಜಾಗ ಇದೆ. ಸುತ ಅಂದರೆ ಮಗ. ಭಟ್ರು ಅಲ್ಲಿಗೆ ಬಂದಾಗ ದನಿ ತಗ್ಗಿಸಿ ಮುಂದಕ್ಕೆ ಹಾರುತ್ತಾರೆ. ಈ ಸಲ ಹಾರಲಿಲ್ಲ. ನಿಲ್ಲಿಸಿ ನನ್ನ ಮುಖ ನೋಡಿದರು. ಅಂಗೈಯಲ್ಲಿ ಎಳ್ಳು ಇತ್ತು, ನೀರೂ ಇತ್ತು. ನಾನು ತಲೆ ಅಲ್ಲಾಡಿಸಿದೆ. ಮುಂದಕ್ಕೆ ಹೋದರು.

ಅವರು ನೋಡಿದ್ದಕ್ಕೆ ಕಾರಣ ಇದೆ. ಮಗ ಮನೆ ಬಿಟ್ಟಿದ್ದು 2018ರ ಗಣಪತಿ ಹಬ್ಬದ ಮಾರನೇ ದಿನ. ಸೊಸೆ ತೀರಿಕೊಂಡು ಆಗ ಒಂದು ವರ್ಷ ಆಗಿತ್ತು. ತೋಟಕ್ಕೆ ಕೊಳೆ ಔಷಧಿ ಹೊಡೆಸುವ ಆಳನ್ನು ಕರೆದು ಬರ್ತೇನೆ ಅಂದವನು ಬರಲಿಲ್ಲ. ಮೊಬೈಲು ಮೇಜಿನ ಮೇಲೇ ಇತ್ತು. ಮೊಮ್ಮಗಳಿಗೆ ಆಗ ಐದು, ಮೊಮ್ಮಗನಿಗೆ ಎರಡು. ಕಳೆದ ಭಾನುವಾರಕ್ಕೆ ಏಳು ವರ್ಷ ತುಂಬಿತು.

ಏಳು ಅನ್ನುವುದು ಕೋರ್ಟಿನ ಲೆಕ್ಕ. ಇದ್ದಿದ್ದರೆ ಯಾರಿಗೆ ಸುದ್ದಿ ಸಿಗಬೇಕಿತ್ತೋ ಅವರಿಗೆ ಏಳು ವರ್ಷ ಸಿಗದಿದ್ದರೆ ಸತ್ತಿದ್ದಾನೆ ಎಂದು ಭಾವಿಸಬಹುದು ಅನ್ನುತ್ತದೆ ಕಾನೂನು. ಆದರೆ ತಾನಾಗಿ ಏನೂ ಆಗುವುದಿಲ್ಲ. ಅವತ್ತು ಸ್ಟೇಷನ್ನಿನಲ್ಲಿ ಕೊಟ್ಟ ದೂರಿನ ಪ್ರತಿ ಬೇಕು, ಪತ್ತೆಯಾಗಿಲ್ಲ ಎಂದು ಪೊಲೀಸರು ಬರೆದುಕೊಟ್ಟಿದ್ದು ಬೇಕು. ಅದನ್ನು ಹಿಡಿದು ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬೇಕು. ಡಿಕ್ರಿ ಬಂದರೆ ಮರಣ ಪತ್ರ.

ಅವನ ಹೆಸರಲ್ಲಿ ಒಂದು ಠೇವಣಿ, ಒಂದು ವಿಮೆ ಇದೆ. ಮಕ್ಕಳ ಓದಿಗೆ ಅದು ಬೇಕು. ನನಗೆ 71, ಮೊಮ್ಮಗನಿಗೆ 18 ತುಂಬುವಾಗ 80 ಆಗಿರುತ್ತದೆ. ವಿಮೆಯ ಕಂತು ಇಷ್ಟು ದಿನ ನಾನೇ ಕಟ್ಟಿದ್ದೇನೆ. ಅದು ಒಳ್ಳೆಯದೇ ಆಯಿತು ಅಂದರು ವಕೀಲರು. 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ: ಸತ್ತಿದ್ದಾನೆ ಎಂದು ಭಾವಿಸಬಹುದು, ಯಾವತ್ತು ಸತ್ತ ಎಂದು ಭಾವಿಸುವ ಹಾಗಿಲ್ಲ. ಕಾಣೆಯಾದ ದಿನವೇ ಸತ್ತ ಅಂದುಕೊಂಡು ಕಂತು ನಿಲ್ಲಿಸಿದ್ದ ಮನೆಯವರಿಗೆ ಆ ಕೇಸಿನಲ್ಲಿ ದುಡ್ಡು ಸಿಗಲಿಲ್ಲ.

ಅಂದರೆ ಕೋರ್ಟು ಸಾವು ಕೊಡುತ್ತದೆ, ತಿಥಿ ಕೊಡುವುದಿಲ್ಲ. ಭಟ್ರಿಗೆ ಅದೇನೂ ದೊಡ್ಡ ವಿಷಯ ಅಲ್ಲ. ತಿಥಿ ಗೊತ್ತಿಲ್ಲದವರಿಗೇ ಅಲ್ವಾ ಈ ಅಮಾವಾಸ್ಯೆ ಇರೋದು ಅಂದರು. ಆದರೆ ಅವರ ಲೆಕ್ಕ ಏಳಲ್ಲ, ಹನ್ನೆರಡು. ಹನ್ನೆರಡು ವರ್ಷ ಕಾದು, ಮುತ್ತುಗದ ಎಲೆಯಲ್ಲೋ ದರ್ಭೆಯಲ್ಲೋ ಆಕೃತಿ ಮಾಡಿ, ಅದನ್ನು ದಹಿಸಿ, ಆಮೇಲೆ ಕರ್ಮ. ಕಾಗದದಲ್ಲಿ ಸತ್ತವನು ಮನೆಯಲ್ಲಿ ಇನ್ನೂ ಐದು ವರ್ಷ ಬದುಕಿರಬಹುದು. ನನಗೆ ಇದು ಯಾಕೋ ಸಮಾಧಾನ ಕೊಟ್ಟಿತು, ಸುಳ್ಳು ಹೇಳುವುದಿಲ್ಲ.

ಇವಳಿಗೆ ಎರಡು ಲೆಕ್ಕವೂ ಬೇಡ. “ಬದುಕಿರೋನಿಗೆ ಎಳ್ಳುನೀರು ಬಿಡ್ತೀರಾ?” ಅಂತ ಒಲೆ ಮುಂದಿನಿಂದಲೇ ಕೇಳಿದಳು. ನಾನು ಬಿಟ್ಟಿಲ್ಲ ಅಂದೆ. “ಕೋರ್ಟಲ್ಲಿ ಬಿಡ್ತೀರಲ್ಲ” ಅಂದಳು. ಮತ್ತೆ ಮಧ್ಯಾಹ್ನದವರೆಗೆ ಮಾತಿಲ್ಲ. ಸೊಸೆ ಹೋದಾಗ ಹನ್ನೊಂದು ದಿನ ಮನೆ ತುಂಬ ಜನ ಇದ್ದರು, ಅತ್ತು ಮುಗಿಸಿದೆವು. ಮಗನಿಗೆ ಅಳಲು ಒಂದು ದಿನ ಅಂತ ಇಲ್ಲ. ಅತ್ತರೆ ಅಪಶಕುನ, ಮಕ್ಕಳೂ ನೋಡುತ್ತಾರೆ.

ಮೊಮ್ಮಗನಿಗೆ ಅಪ್ಪ ಎಂದರೆ ಗೋಡೆಯ ಮೇಲಿನ ಒಬ್ಬ. ಅಮ್ಮನ ಫೋಟೋಕ್ಕೆ ಹಾರ ಇದೆ, ಅಪ್ಪನದಕ್ಕೆ ಯಾಕಿಲ್ಲ ಅಂತ ಹೋದ ವರ್ಷ ಕೇಳಿದ್ದ. ಅಜ್ಜಿ ಅವತ್ತು ಅಮ್ಮನ ಹಾರವನ್ನೂ ತೆಗೆದುಬಿಟ್ಟಳು. ಅದು ಸರಿಯಲ್ಲ ಅನ್ನಿಸಿತು. ಸುಮ್ನಿದ್ದೆ.

ಮೊಮ್ಮಗಳಿಗೆ ಎಲ್ಲ ಗೊತ್ತಾಗುತ್ತದೆ. ಏಳನೇ ಕ್ಲಾಸು. ವಕೀಲರ ಫೈಲು ನೋಡಿದ್ದಾಳೆ. ಊಟ ಆದ ಮೇಲೆ ಜಗಲಿಗೆ ಬಂದು ಕೇಳಿದಳು, “ಕೋರ್ಟು ಹೇಳಿದ ಮೇಲೆ ಅಪ್ಪ ಬಂದ್ರೆ?”

ವಕೀಲರನ್ನು ನಾನೂ ಅದನ್ನೇ ಕೇಳಿದ್ದೆ. ಬರೀ ಊಹೆ ಅದು, ಮನುಷ್ಯನೇ ಬಂದು ನಿಂತರೆ ಊಹೆ ನಿಲ್ಲುವುದಿಲ್ಲ ಅಂದಿದ್ದರು. ಅವಳಿಗೂ ಹಾಗೇ ಹೇಳಿದೆ. ಸೈನ್ ಮಾಡ್ತೀಯಾ ಅಂದಳು. ಗೊತ್ತಿಲ್ಲ ಅಂದೆ.

ಸ್ವಲ್ಪ ಹೊತ್ತು ಅಡಕೆ ಸಿಪ್ಪೆ ಕೆದಕುತ್ತಾ ಕೂತಿದ್ದಳು. ಆಮೇಲೆ ಒಳಗೆ ಹೋಗಿ ಅವನ ಹಳೇ ಮೊಬೈಲು ಚಾರ್ಜಿಗೆ ಹಾಕಿ ಬಂದು, “ಅಜ್ಜ, ಇಪ್ಪತ್ತೆಂಟು ದಿನ ನಾಳೆಗೆ ಮುಗಿಯತ್ತೆ, ರೀಚಾರ್ಜ್ ಮಾಡು” ಅಂದಳು.